ಎರಡು ಆಕರಗಳು ಜಗಳವಾಡಿದಾಗ ಪ್ರಬಂಧದಲ್ಲಿ ಏನು ಬರೆಯಬೇಕು?

ಪ್ರತಿ ವರ್ಷ ನಾನು ಓದುವ ಪ್ರಬಂಧಗಳಲ್ಲಿ ಹತ್ತರಲ್ಲಾದರೂ ಈ ವಾಕ್ಯ ಸಿಗುತ್ತದೆ: ‘ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.’ ಅಲ್ಲಿಗೆ ಪ್ಯಾರಾ ಮುಗಿಯುತ್ತದೆ. ಬರೆದವರಿಗೆ ಒಂದು ಸಮಾಧಾನ, ಎರಡೂ ಕಡೆಯವರ ಹೆಸರು ಬಂತಲ್ಲ ಅಂತ. ಓದುವ ನನಗೆ ಮಾತ್ರ ಊಟಕ್ಕೆ ಕೂರಿಸಿ ಬರೀ ಎಲೆ ಹಾಕಿದ ಹಾಗೆ. ಭಿನ್ನಾಭಿಪ್ರಾಯ ಇದೆ, ಸರಿ. ಯಾಕಿದೆ? ಅದರಲ್ಲಿ ನಿಮಗೆ ಯಾವುದು ಒಪ್ಪಿಗೆ?

ಓದಿನ ಆಧಾರದ ಮೇಲೆ, ಅಂದರೆ ನೀವೇ ಊರಿಗೆ ಹೋಗಿ ಸಮೀಕ್ಷೆ ಮಾಡದೆ ಬೇರೆಯವರ ಸಂಶೋಧನೆ ಓದಿ ಬರೆಯುವ ಪ್ರಬಂಧದಲ್ಲಿ, ನಿಜವಾದ ಕೆಲಸ ಇರುವುದೇ ಇಲ್ಲಿ. ಅದನ್ನು ಹೇಗೆ ಮಾಡುವುದು ಅಂತ ಒಂದೇ ಉದಾಹರಣೆ ಹಿಡಿದು ತೋರಿಸುತ್ತೇನೆ. ಪ್ರಶ್ನೆ ಇದು: ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟರೆ ಪಂಚಾಯಿತಿಯ ಕೆಲಸ ಬದಲಾಗುತ್ತದೆಯೇ?

ಈ ಪ್ರಶ್ನೆ ನಮಗೆ ಹೊಸದೇನಲ್ಲ. ಕರ್ನಾಟಕದ 1983ರ ಕಾಯ್ದೆ ಪಂಚಾಯಿತಿ ಸ್ಥಾನಗಳಲ್ಲಿ ಶೇ. 25ನ್ನು ಮಹಿಳೆಯರಿಗೆ ಮೀಸಲಿಟ್ಟಿತ್ತು, 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಅದಾದ ಮೇಲೆ, 1993ರಲ್ಲಿ. ಅಧ್ಯಕ್ಷ ಸ್ಥಾನಗಳಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು ಇಡೀ ದೇಶಕ್ಕೆ ನಿಯಮವಾದದ್ದು ಆ ತಿದ್ದುಪಡಿಯಿಂದ. ಹಾಗಾಗಿ ಈ ಬಗ್ಗೆ ಸಂಶೋಧನೆ ಬೇಕಾದಷ್ಟಿದೆ, ಒಂದಕ್ಕೊಂದು ಒಪ್ಪದಿರುವುದೂ ಅಷ್ಟೇ ಇದೆ.

ಮೊದಲು: ಪ್ರತಿ ಆಕರವನ್ನು ಒಂದೇ ವಾಕ್ಯಕ್ಕೆ ಇಳಿಸಿ

ನೋಟ್‌ಬುಕ್ಕಿನಲ್ಲಿ ಒಂದು ಪುಟ ತೆಗೆದುಕೊಳ್ಳಿ. ಪ್ರತಿ ಆಕರಕ್ಕೂ ಒಂದೊಂದು ವಾಕ್ಯ. ಆ ವಾಕ್ಯದಲ್ಲಿ ನಾಲ್ಕು ವಿಷಯ ಬರಲೇಬೇಕು: ಎಲ್ಲಿ, ಯಾವಾಗ, ಯಾರನ್ನು ಯಾರಿಗೆ ಹೋಲಿಸಿದರು, ಏನನ್ನು ಅಳೆದರು. ‘ಮಹಿಳಾ ಮೀಸಲಾತಿಯಿಂದ ಒಳ್ಳೆಯದಾಗಿದೆ ಎನ್ನುತ್ತಾರೆ’ ಅಂತ ಬರೆದರೆ ಆ ಪುಟ ಹರಿದು ಹಾಕಿ. ‘ಒಳ್ಳೆಯದು’ ಅನ್ನುವುದನ್ನು ಯಾರೂ ಅಳೆದಿರುವುದಿಲ್ಲ. ಅವರು ಅಳೆದಿರುವುದು ಕೊಳವೆಬಾವಿ, ರಸ್ತೆ, ಸಭೆಗೆ ಬಂದವರ ಲೆಕ್ಕ.

ನಮ್ಮ ಉದಾಹರಣೆಯ ವಾಕ್ಯಗಳು ಹೀಗಿರುತ್ತವೆ.

ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ, 2004: ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ 265 ಪಂಚಾಯಿತಿಗಳಲ್ಲಿ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳನ್ನು ಮೀಸಲಾಗದವುಗಳಿಗೆ ಹೋಲಿಸಿದರು, ಮೀಸಲಾದ ಕಡೆ ಅಲ್ಲಿನ ಹೆಂಗಸರು ಹೆಚ್ಚಾಗಿ ಕೇಳುವ ಸೌಲಭ್ಯಗಳಿಗೆ ಹೆಚ್ಚು ಕೆಲಸ ನಡೆದಿತ್ತು.

ರಾಡು ಬಾನ್ ಮತ್ತು ವಿಜಯೇಂದ್ರ ರಾವ್, 2008: ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಇದೇ ಹೋಲಿಕೆ ಮಾಡಿದರು, ಒಟ್ಟಾರೆ ನೋಡಿದಾಗ ಮೀಸಲು ಸ್ಥಾನದ ಅಧ್ಯಕ್ಷೆಯರ ಕೆಲಸಕ್ಕೂ ಉಳಿದವರ ಕೆಲಸಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ರಾಜಕೀಯ ಅನುಭವ ಇದ್ದ ಅಧ್ಯಕ್ಷೆಯರು, ಮೇಲ್ಜಾತಿಯವರ ಹಿಡಿತ ಕಡಿಮೆ ಇದ್ದ ಊರಿನವರು ಚೆನ್ನಾಗಿ ಮಾಡಿದ್ದರು.

ಪ್ರಣಬ್ ಬರ್ಧನ್, ದಿಲೀಪ್ ಮೂಖರ್ಜಿ ಮತ್ತು ಮೋನಿಕಾ ಪಾರ್ರಾ ಟೊರಾಡೊ, 2010: ಪಶ್ಚಿಮ ಬಂಗಾಳದಲ್ಲಿ ಬಡವರಿಗೆಂದು ಇರುವ ಯೋಜನೆಗಳ ಸವಲತ್ತು ಯಾವ ಮನೆಗಳಿಗೆ ತಲುಪಿತು ಎಂದು ನೋಡಿದರು, ಮಹಿಳಾ ಮೀಸಲಾತಿಯಿಂದ ಅದರಲ್ಲಿ ಸುಧಾರಣೆ ಕಾಣಲಿಲ್ಲ.

ಇಷ್ಟು ಬರೆಯಲು ಲೇಖನದ ಸಾರಾಂಶ ಓದಿದರೆ ಸಾಲದು. ಎಲ್ಲಿ, ಯಾವಾಗ ಅನ್ನುವುದು ಸಾರಾಂಶದಲ್ಲಿ ಸಿಗಬಹುದು. ಏನನ್ನು ಹೇಗೆ ಅಳೆದರು ಅನ್ನುವುದು ಒಳಗಿನ ಭಾಗದಲ್ಲಿ, ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದಲ್ಲಿ ಇರುತ್ತದೆ. ಲೇಖನ ಪೂರ್ತಿ ಓದಲು ಟೈಮಿಲ್ಲ ಅಂದರೆ ಕೊನೇಪಕ್ಷ ಆ ಭಾಗ ಓದಿ.

ಆಮೇಲೆ: ಇದು ನಿಜವಾದ ಜಗಳವೇ, ನೋಡಿ

ವಾಕ್ಯಗಳನ್ನು ಪಕ್ಕಪಕ್ಕ ಇಟ್ಟಾಗ ಅರ್ಧ ಜಗಳ ಅಲ್ಲೇ ಕರಗಿಹೋಗುತ್ತದೆ. 2004ರ ಲೇಖನ ಮತ್ತು 2010ರ ಲೇಖನ ಎರಡೂ ಪಶ್ಚಿಮ ಬಂಗಾಳದವೇ. ಒಂದು ‘ಬದಲಾವಣೆ ಆಯಿತು’ ಅನ್ನುತ್ತದೆ, ಇನ್ನೊಂದು ‘ಸುಧಾರಣೆ ಇಲ್ಲ’ ಅನ್ನುತ್ತದೆ. ಆದರೆ ಮೊದಲನೆಯದು ಕೇಳಿದ್ದು ಪಂಚಾಯಿತಿ ಯಾವ ಕೆಲಸಕ್ಕೆ ದುಡ್ಡು ಹಾಕಿತು ಅಂತ. ಎರಡನೆಯದು ಕೇಳಿದ್ದು ಊರಿಗೆ ಬಂದ ಸವಲತ್ತು ಯಾರ ಮನೆ ಸೇರಿತು ಅಂತ. ಕೊಳವೆಬಾವಿ ಹೆಚ್ಚಾಗಿ, ಸಾಲ ಸವಲತ್ತು ಮಾತ್ರ ಹಳೇ ಮನೆಗಳಿಗೇ ಹೋಗುತ್ತಿರಬಹುದು. ಎರಡೂ ಒಟ್ಟಿಗೆ ನಿಜವಾಗಿರಬಹುದು, ಅಲ್ವಾ? ಇವೆರಡನ್ನೂ ‘ಪರ’ ಮತ್ತು ‘ವಿರೋಧ’ ಅಂತ ಎರಡು ಪ್ಯಾರಾ ಮಾಡಿ ಎದುರುಬದುರು ನಿಲ್ಲಿಸಿದರೆ ಅದು ತಪ್ಪು. ತುಂಬಾ ಸಾಮಾನ್ಯವಾದ ತಪ್ಪೂ ಹೌದು.

ಇನ್ನೊಂದು ಬಗೆಯ ಜಗಳ ಇದಕ್ಕಿಂತ ಸ್ವಾರಸ್ಯದ್ದು, ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ. 2004ರ ಲೇಖನದ ಒಳಗೇ ಒಂದು ವಿರೋಧ ಇದೆ. ಮಹಿಳೆಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಎರಡೂ ಜಿಲ್ಲೆಗಳಲ್ಲಿ ಹೆಚ್ಚಾಗಿತ್ತು. ರಸ್ತೆ ವಿಷಯ ಹಾಗಲ್ಲ. ಬೀರ್‌ಭೂಮ್‌ನಲ್ಲಿ ರಸ್ತೆ ಕೆಲಸ ಹೆಚ್ಚಾಗಿತ್ತು, ಉದಯಪುರದಲ್ಲಿ ಕಡಿಮೆಯಾಗಿತ್ತು. ಅವಸರದಲ್ಲಿ ಓದಿದವರು ‘ರಸ್ತೆಯ ಬಗ್ಗೆ ಫಲಿತಾಂಶ ಅಸ್ಪಷ್ಟ’ ಅಂತ ಬರೆದು ಮುಂದೆ ಹೋಗುತ್ತಾರೆ.

ಆದರೆ ಈ ಸಂಶೋಧಕರು ಇನ್ನೊಂದು ಕೆಲಸ ಮಾಡಿದ್ದರು. ಹೆಂಗಸರು ಏನು ಕೇಳಿಕೊಂಡು ಪಂಚಾಯಿತಿಗೆ ಬರುತ್ತಾರೆ, ಗಂಡಸರು ಏನು ಕೇಳಿಕೊಂಡು ಬರುತ್ತಾರೆ ಅಂತ ಬೇರೆ ಬೇರೆಯಾಗಿ ಲೆಕ್ಕ ಹಾಕಿದ್ದರು. ಬೀರ್‌ಭೂಮ್‌ನ ಹೆಂಗಸರು ನೀರು, ರಸ್ತೆ ಎರಡನ್ನೂ ಜೋರಾಗಿ ಕೇಳುತ್ತಿದ್ದರು. ಉದಯಪುರದಲ್ಲಿ ರಸ್ತೆ ಹೆಚ್ಚಾಗಿ ಗಂಡಸರ ಬೇಡಿಕೆಯಾಗಿತ್ತು. ಈಗ ಮತ್ತೆ ನೋಡಿ. ‘ಅಧ್ಯಕ್ಷೆ ಬಂದರೆ ರಸ್ತೆ ಹೆಚ್ಚುತ್ತದೆ’ ಅಂತ ಹೇಳಲು ಹೋದರೆ ಎರಡು ಜಿಲ್ಲೆಗಳು ಕಿತ್ತಾಡುತ್ತವೆ. ‘ಅಧ್ಯಕ್ಷೆ ಬಂದರೆ ಆ ಊರಿನ ಹೆಂಗಸರು ಕೇಳುವುದು ಹೆಚ್ಚುತ್ತದೆ’ ಅಂತ ಒಂದು ಮೆಟ್ಟಿಲು ಮೇಲೆ ಹೋಗಿ ಹೇಳಿದರೆ ಎರಡೂ ಜಿಲ್ಲೆಗಳು ಅದನ್ನೇ ಹೇಳುತ್ತಿವೆ. ವಿರೋಧ ಇದೆ ಅನ್ನಿಸಿದ್ದೇ ಇಲ್ಲಿ ಸಾಕ್ಷಿಯಾಯಿತು.

ನಿಮ್ಮ ಆಕರಗಳಲ್ಲೂ ಇದನ್ನು ಮಾಡಿ ನೋಡಿ. ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿದಿದ್ದರೆ, ಎರಡನ್ನೂ ಹಿಡಿಯುವ ವಾಕ್ಯ ಯಾವುದು ಅಂತ ಹುಡುಕಿ. ಆದರೆ ಒಂದು ಎಚ್ಚರ. ಆ ವಾಕ್ಯಕ್ಕೆ ಆಕರದಲ್ಲೇ ಆಧಾರ ಇರಬೇಕು. ಇಲ್ಲಿ ಬೇಡಿಕೆಯ ಲೆಕ್ಕ ಇತ್ತು, ಹಾಗಾಗಿ ನಡೆಯಿತು. ಅದಿಲ್ಲದೆ ‘ಎರಡು ರಾಜ್ಯಗಳ ಸಂಸ್ಕೃತಿ ಬೇರೆ ಬೇರೆ’ ಅಂತ ಬರೆದರೆ ಏನನ್ನೂ ಹೇಳಿದ ಹಾಗಾಗಲಿಲ್ಲ. ಸಂಸ್ಕೃತಿ ಅನ್ನೋ ಪದ ಪ್ರಬಂಧದಲ್ಲಿ ಎಲ್ಲ ತೂತಿಗೂ ಬಡಿಯುವ ಬೆಣೆಯಾಗಿಬಿಟ್ಟಿದೆ.

ಇವೆರಡನ್ನೂ ಕಳೆದ ಮೇಲೆ ಉಳಿಯುವುದು ನಿಜವಾದ ಜಗಳ: 2004 ಮತ್ತು 2008. ಎರಡೂ ಪಂಚಾಯಿತಿಯ ಕೆಲಸವನ್ನೇ ನೋಡಿವೆ. ಒಬ್ಬರಿಗೆ ವ್ಯತ್ಯಾಸ ಕಂಡಿತು, ಇನ್ನೊಬ್ಬರಿಗೆ ಒಟ್ಟಾರೆ ಕಾಣಲಿಲ್ಲ.

ತೂಕ ಹಾಕುವುದು: ತಲೆ ಎಣಿಸಬೇಡಿ

ಇಲ್ಲಿ ಹೆಚ್ಚಿನವರು ಎಣಿಕೆಗೆ ಇಳಿಯುತ್ತಾರೆ. ಬದಲಾವಣೆ ಆಗಿದೆ ಅನ್ನುವವರು ಮೂರು, ಆಗಿಲ್ಲ ಅನ್ನುವವರು ಇಬ್ಬರು, ಆದ್ದರಿಂದ ಆಗಿದೆ. ಪಂಚಾಯಿತಿ ಸಭೆಯಲ್ಲಿ ಕೈ ಎತ್ತಿಸಿದ ಹಾಗೆ! ಅದಕ್ಕೆ ಬದಲು ನಾನು ಮೂರು ವಿಷಯ ನೋಡುತ್ತೇನೆ.

ಮೊದಲನೆಯದು, ಹೋಲಿಕೆ ನ್ಯಾಯವಾಗಿದೆಯೇ? ಮಹಿಳೆಯನ್ನು ತಾವಾಗಿ ಆರಿಸಿದ ಊರನ್ನು ಬೇರೆ ಊರಿಗೆ ಹೋಲಿಸಿದರೆ, ಆ ಊರು ಮೊದಲೇ ಮುಂದುವರಿದಿತ್ತೇನೋ ಅನ್ನುವ ಅನುಮಾನ ಉಳಿಯುತ್ತದೆ. ಬೀರ್‌ಭೂಮ್‌ನಲ್ಲಿ ಪಂಚಾಯಿತಿಗಳ ಕ್ರಮಸಂಖ್ಯೆಯ ಪಟ್ಟಿ ಹಿಡಿದು ಮೂರಕ್ಕೊಂದರಂತೆ ಮೀಸಲಿಟ್ಟಿದ್ದರು. ಊರು ಹೇಗಿದೆ ಅನ್ನುವುದಕ್ಕೂ ಮೀಸಲಾತಿ ಬಂದದ್ದಕ್ಕೂ ಸಂಬಂಧ ಇರಲಿಲ್ಲ. ಇದು 2004ರ ಲೇಖನದ ದೊಡ್ಡ ಬಲ. ಇದೇ ಪ್ರಶ್ನೆಯನ್ನು ಉಳಿದ ಪ್ರತಿ ಆಕರಕ್ಕೂ ಹಾಕಿ, ಮೀಸಲು ಸ್ಥಾನ ಯಾವ ನಿಯಮದಿಂದ ನಿಗದಿಯಾಯಿತು ಅಂತ ಲೇಖಕರು ಬರೆದಿರುವ ಭಾಗ ಹುಡುಕಿ ಓದಿ.

ಎರಡನೆಯದು, ಸಾಕ್ಷಿಗಳು ನಿಜವಾಗಿ ಬೇರೆ ಬೇರೆಯೇ? 2009ರಲ್ಲಿ ಲೋರಿ ಬೀಮನ್ ಮತ್ತು ಸಂಗಡಿಗರ ಇನ್ನೊಂದು ಹೆಸರುವಾಸಿ ಲೇಖನ ಬಂತು. ಮಹಿಳಾ ಅಧ್ಯಕ್ಷರ ಬಗ್ಗೆ ಊರಿನವರ ಪೂರ್ವಗ್ರಹ, ಎರಡನೇ ಸಲ ಮೀಸಲಾತಿ ಬರುವ ಹೊತ್ತಿಗೆ ಕಡಿಮೆಯಾಗಿತ್ತು ಅನ್ನುವುದು ಅದರ ತಿರುಳು. ಒಳ್ಳೆಯ ಲೇಖನ. ಆದರೆ ಆ ಸಂಗಡಿಗರಲ್ಲಿ ಚಟ್ಟೋಪಾಧ್ಯಾಯ, ಡುಫ್ಲೊ ಇಬ್ಬರೂ ಇದ್ದಾರೆ, ಅಧ್ಯಯನ ನಡೆದದ್ದೂ ಪಶ್ಚಿಮ ಬಂಗಾಳದಲ್ಲೇ. ‘ಇನ್ನೊಂದು ಅಧ್ಯಯನವೂ ಇದನ್ನೇ ಸಮರ್ಥಿಸುತ್ತದೆ’ ಅಂತ ಬರೆಯುವ ಮುಂಚೆ ಇದನ್ನು ಗಮನಿಸಿ. ಲೇಖನ ಸುಳ್ಳು ಅಂತಲ್ಲ. ಒಂದೇ ಮನೆಯ ಇಬ್ಬರು ಬಂದು ಹೇಳಿದ್ದಕ್ಕೂ ಬೇರೆ ಬೇರೆ ಬೀದಿಯ ಇಬ್ಬರು ಹೇಳಿದ್ದಕ್ಕೂ ತೂಕ ಬೇರೆ, ಅಷ್ಟೆ. ಪತ್ರಿಕೆಯಲ್ಲಿ ಬರುವ ‘ಅಧ್ಯಕ್ಷೆಯ ಗಂಡನದೇ ದರ್ಬಾರು’ ಥರದ ವರದಿಗಳಿಗೂ ಇದೇ ಪರೀಕ್ಷೆ. ಅಂಥದ್ದು ನಡೆಯುತ್ತದೆ ಅನ್ನುವುದಕ್ಕೆ ಅವು ಸಾಕ್ಷಿ. ಎಷ್ಟು ಕಡೆ ನಡೆಯುತ್ತದೆ ಅನ್ನುವುದಕ್ಕೆ ಅಲ್ಲ.

ಮೂರನೆಯದು ಸ್ವಲ್ಪ ನಾಜೂಕಿನದು. ‘ವ್ಯತ್ಯಾಸ ಕಾಣಲಿಲ್ಲ’ ಅನ್ನುವುದೂ ‘ವ್ಯತ್ಯಾಸ ಇಲ್ಲ’ ಅನ್ನುವುದೂ ಒಂದಲ್ಲ. ಕತ್ತಲಲ್ಲಿ ಬಿದ್ದ ಉಂಗುರ ಕಾಣದಿದ್ದರೆ ಉಂಗುರವೇ ಇಲ್ಲ ಅನ್ನುವುದಿಲ್ಲವಲ್ಲ. ಕೋಷ್ಟಕದಲ್ಲಿ ಅಂದಾಜಿನ ಪಕ್ಕದಲ್ಲೋ ಕೆಳಗೋ ಆವರಣದೊಳಗೆ ಇನ್ನೊಂದು ಸಂಖ್ಯೆ ಇರುತ್ತದೆ. ಹೆಚ್ಚಿನ ಲೇಖನಗಳಲ್ಲಿ ಅದು ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವುದರ ಅಳತೆ. ಅಂದಾಜಿನಿಂದ ಅದರ ಎರಡು ಪಟ್ಟು ಕಳೆಯಿರಿ, ಎರಡು ಪಟ್ಟು ಕೂಡಿಸಿ. ಸಿಗುವ ಹರವಿನೊಳಗೆ ಸೊನ್ನೆಯೂ ಇದೆ, ದೊಡ್ಡ ಪರಿಣಾಮವೂ ಇದೆ ಅಂದರೆ ಆ ಲೇಖನ ‘ಇಲ್ಲ’ ಅಂತ ಹೇಳುತ್ತಿಲ್ಲ, ‘ಹೇಳಲಾರೆ’ ಅನ್ನುತ್ತಿದೆ. ಹರವು ಸೊನ್ನೆಯ ಸುತ್ತ ಇಕ್ಕಟ್ಟಾಗಿದ್ದರೆ ಮಾತ್ರ ‘ಇಲ್ಲ’ ಅನ್ನುವ ಮಾತಿಗೆ ಬಲ.

ನಿಲುವು: ಮೊದಲ ಕರಡು ಒಡೆಯಲೇಬೇಕು

ಈಗ ಬರೆಯುವ ಹೊತ್ತು. ನಿಲುವು ಅಂದರೆ ಯಾವುದಾದರೂ ಒಂದು ಕಡೆಗೆ ಸೇರುವುದಲ್ಲ. ಎರಡೂ ಫಲಿತಾಂಶಗಳು ಯಾಕೆ ಹಾಗೆ ಬಂದವು ಅನ್ನುವುದಕ್ಕೆ ನಿಮ್ಮ ಉತ್ತರ.

ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ: ‘ಅಧ್ಯಕ್ಷೆಗೆ ರಾಜಕೀಯ ಅನುಭವ ಇದ್ದರೆ ಮಾತ್ರ ಮೀಸಲಾತಿಯಿಂದ ಬದಲಾವಣೆ ಆಗುತ್ತದೆ.’ 2008ರ ಲೇಖನ ಅನುಭವದ ಮಾತು ಹೇಳಿದೆಯಲ್ಲ, ಹಾಗಾಗಿ ಇದು ಸಹಜ. ಚೆನ್ನಾಗಿಯೂ ಕೇಳಿಸುತ್ತದೆ. ಈಗ ಇದನ್ನು ಎದುರಿನ ಆಕರದ ಮುಂದೆ ಇಟ್ಟು ನೋಡಿ. ಪಶ್ಚಿಮ ಬಂಗಾಳದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಮಹಿಳಾ ಮೀಸಲಾತಿ ಬಂದದ್ದು 1998ರಲ್ಲಿ. ಬೀರ್‌ಭೂಮ್‌ನ ಸಮೀಕ್ಷೆ ನಡೆದದ್ದು 2000ದಲ್ಲಿ. ಆ ಅಧ್ಯಕ್ಷೆಯರಲ್ಲಿ ಹೆಚ್ಚಿನವರು ಅದೇ ಮೊದಲ ಸಲ ಗೆದ್ದು ಬಂದವರು, ಮೀಸಲಾಗದ ಕಡೆಯ ಅಧ್ಯಕ್ಷರಿಗಿಂತ ಅನುಭವ ಕಡಿಮೆ ಇದ್ದವರು. ಆದರೂ ಅಲ್ಲಿ ಬದಲಾವಣೆ ಕಂಡಿದೆ! ‘ಅನುಭವ ಇದ್ದರೆ ಮಾತ್ರ’ ಅನ್ನುವ ವಾಕ್ಯ ಅಲ್ಲೇ ಮುರಿಯಿತು.

ಇಲ್ಲಿ ಎರಡು ದಾರಿ. ಬೀರ್‌ಭೂಮ್ ಸಂಗತಿಯನ್ನು ಸುಮ್ನೆ ಬಿಟ್ಟುಬಿಡುವುದು ಒಂದು, ಹಲವರು ಹಾಗೇ ಮಾಡುತ್ತಾರೆ. ಇನ್ನೊಂದು, ನಿಲುವನ್ನೇ ತಿದ್ದುವುದು. ತಿದ್ದಲು ಮತ್ತೆ ನೋಟ್‌ಬುಕ್ಕಿನ ಆ ಪುಟಕ್ಕೆ ಹೋಗಿ. 2004ರವರು ನೋಡಿದ್ದು ಖರ್ಚು ಯಾವ ದಿಕ್ಕಿಗೆ ತಿರುಗಿತು ಅಂತ. 2008ರವರು ಅನುಭವದ ಮಾತು ಆಡಿದ್ದು ಕೆಲಸ ಎಷ್ಟು ಚೆನ್ನಾಗಿ ನಡೆಯಿತು ಅನ್ನುವಲ್ಲಿ. 2010ರವರದು ಯಾರ ಮನೆಗೆ ಅನ್ನುವ ಪ್ರಶ್ನೆ. ಹಾಗಾದರೆ ಹೀಗೆ ಬರೆಯಬಹುದು:

‘ಮಹಿಳಾ ಮೀಸಲಾತಿ ಪಂಚಾಯಿತಿಯ ಖರ್ಚಿನ ದಿಕ್ಕನ್ನು ಬದಲಿಸಬಲ್ಲದು, ಅದಕ್ಕೆ ಅಧ್ಯಕ್ಷೆಗೆ ಹಳೆಯ ಅನುಭವ ಇರಲೇಬೇಕೆಂದಿಲ್ಲ ಎಂದು ಬೀರ್‌ಭೂಮ್ ಅಧ್ಯಯನ ಸೂಚಿಸುತ್ತದೆ. ಆದರೆ ಆಡಳಿತ ಎಷ್ಟು ಚೆನ್ನಾಗಿ ನಡೆಯುತ್ತದೆ, ಸವಲತ್ತು ಯಾರಿಗೆ ತಲುಪುತ್ತದೆ ಎಂಬುದು ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದರಿಂದಷ್ಟೇ ತೀರ್ಮಾನವಾಗುವುದಿಲ್ಲ. ದಕ್ಷಿಣದ ರಾಜ್ಯಗಳ ಅಧ್ಯಯನದಲ್ಲಿ ಅನುಭವ ಮತ್ತು ಊರಿನ ಜಾತಿ ಹಿಡಿತ ಎರಡೂ ಮುಖ್ಯವಾಗಿ ಕಂಡಿದ್ದು ಇದಕ್ಕೆ ಹೊಂದುತ್ತದೆ.’

ಇದು ಮೂರೂ ಆಕರಗಳಿಗೆ ಜಾಗ ಕೊಡುತ್ತದೆ. ಯಾರ ಬಾಯಿಗೂ ಅವರು ಹೇಳದ ಮಾತು ತುರುಕುವುದಿಲ್ಲ. ‘ಸೂಚಿಸುತ್ತದೆ’, ‘ಹೊಂದುತ್ತದೆ’ ಅನ್ನುವ ಪದಗಳನ್ನು ಗಮನಿಸಿ. ದಿಕ್ಕು ಬೇರೆ, ಗುಣಮಟ್ಟ ಬೇರೆ ಅಂತ ವಿಂಗಡಿಸಿದ್ದು ನಾನು, ಆ ಲೇಖಕರಲ್ಲ. ಹಾಗಾಗಿ ಪ್ರಬಂಧದಲ್ಲಿ ‘ಈ ವಿಂಗಡಣೆ ನನ್ನದು’ ಅಂತ ಒಂದು ಸಾಲು ಬೇಕು. ವಿದ್ಯಾರ್ಥಿಗಳಿಗೆ ‘ನಾನು’ ಅಂತ ಬರೆಯಲು ಸಂಕೋಚ. ಬರೆಯಿರಿ, ಪರವಾಗಿಲ್ಲ. ನಿಮ್ಮ ವಿಭಾಗದಲ್ಲಿ ಅದು ನಡೆಯದಿದ್ದರೆ ‘ಈ ಪ್ರಬಂಧದ ವಾದ’ ಅನ್ನಿ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಗುಂಡಿ ಇದೆ: ‘ಎನ್ನಲಾಗಿದೆ’, ‘ತಿಳಿದುಬರುತ್ತದೆ’, ‘ಕಂಡುಬಂದಿದೆ’. ಯಾರು ಅಂದರು? ಯಾರಿಗೆ ತಿಳಿಯಿತು? ಆಕರಗಳು ಒಪ್ಪದಿರುವ ಕಡೆ ಈ ಕ್ರಿಯಾಪದಗಳು ಬಂದರೆ ಯಾರ ಮಾತು ಯಾರದು ಅನ್ನುವುದೇ ಅಳಿಸಿಹೋಗುತ್ತದೆ. ಹಾಗೆಯೇ ‘ತೋರಿಸಿಕೊಟ್ಟಿದ್ದಾರೆ’ ಅಂದರೆ ನೀವು ಒಪ್ಪಿದ ಹಾಗೆ, ‘ವಾದಿಸುತ್ತಾರೆ’ ಅಂದರೆ ಒಪ್ಪಿಗೆಯನ್ನು ತಡೆಹಿಡಿದ ಹಾಗೆ. ಒಬ್ಬರಿಗೆ ಅದು, ಇನ್ನೊಬ್ಬರಿಗೆ ಇದು ಬಳಸಿದರೆ ನಿಮಗೆ ಗೊತ್ತಿಲ್ಲದೆಯೇ ತೀರ್ಪು ಕೊಟ್ಟಿರುತ್ತೀರಿ.

ಕರಡು ಮುಗಿದ ಮೇಲೆ ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಒಂದರ ಕೆಳಗೊಂದು ಬರೆದುಕೊಳ್ಳಿ. ‘ಚಟ್ಟೋಪಾಧ್ಯಾಯ ಮತ್ತು ಡುಫ್ಲೊ ಪ್ರಕಾರ…’, ‘ಆದರೆ ಬಾನ್ ಮತ್ತು ರಾವ್ ಪ್ರಕಾರ…’, ‘ಆದರೆ ಬರ್ಧನ್…’ ಅಂತ ‘ಆದರೆ’ಗಳ ಏಣಿ ಕಂಡರೆ ನಿಮ್ಮ ನಿಲುವು ಇನ್ನೂ ಪ್ರಬಂಧದೊಳಗೆ ಇಳಿದಿಲ್ಲ. ಪ್ಯಾರಾ ನಿಮ್ಮ ಮಾತಿನಿಂದ ಶುರುವಾಗಲಿ: ‘ಖರ್ಚಿನ ದಿಕ್ಕು ಬದಲಾಗಿದೆ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ.’ ಹೆಸರುಗಳು ಅದರ ಹಿಂದೆ ಬರಲಿ.

ಉಳಿದ ಮುಳ್ಳನ್ನು ಮುಚ್ಚಿಡಬೇಡಿ

ನಮ್ಮ ನಿಲುವಿಗೂ ಹೊಂದದ ಸಂಗತಿ ಇದೆ. ದಿಕ್ಕು ಬದಲಾಗಲು ಅನುಭವ ಬೇಡ ಅಂದರೆ, ದಕ್ಷಿಣದಲ್ಲಿ ಆ ದಿಕ್ಕಿನ ಬದಲಾವಣೆ ಯಾಕೆ ಅಷ್ಟು ಎದ್ದು ಕಾಣಲಿಲ್ಲ? ಪೂರ್ತಿ ಉತ್ತರ ಈ ಆಕರಗಳಲ್ಲಿ ಇಲ್ಲ. ಇನ್ನೂ ಒಂದು: 2004ರ ಲೇಖನದಲ್ಲೇ, ಅಧ್ಯಕ್ಷೆ ಇದ್ದ ಕಡೆ ಗ್ರಾಮಸಭೆಗೆ ಬರುವ ಹೆಂಗಸರ ಪಾಲು ಬೀರ್‌ಭೂಮ್‌ನಲ್ಲಿ ಹೆಚ್ಚಿತ್ತು, ಉದಯಪುರದಲ್ಲಿ ಹೆಚ್ಚಲಿಲ್ಲ. ಹಾಗಾದರೆ ಹೆಂಗಸರ ಬೇಡಿಕೆ ಅಧ್ಯಕ್ಷೆಯನ್ನು ತಲುಪಿದ್ದು ಸಭೆಯ ಮೂಲಕವೇ ಅಂತ ಹೇಳುವ ಹಾಗಿಲ್ಲ.

ಇಂಥ ಕಡೆ ನಮ್ಮದೇ ಊಹೆ ಹೊಳೆಯುತ್ತದೆ. ನನಗೆ ಹೊಳೆದದ್ದು ಅವಧಿಯ ವಿಷಯ. ಕರ್ನಾಟಕದಲ್ಲಿ ಎಷ್ಟೋ ಸಲ ಅಧ್ಯಕ್ಷರ ಅವಧಿ ಎರಡೂವರೆ ವರ್ಷಕ್ಕೇ ಮುಗಿದಿದೆ, ಅಷ್ಟರಲ್ಲಿ ಕಾಮಗಾರಿಯ ದಿಕ್ಕು ತಿರುಗಿಸುವುದು ಕಷ್ಟ ಇರಬಹುದು. ಕೇಳಲು ಚೆನ್ನಾಗಿದೆ. ಆದರೆ ಸಮೀಕ್ಷೆ ನಡೆದ ವರ್ಷದಲ್ಲಿ ನಾಲ್ಕೂ ರಾಜ್ಯಗಳ ನಿಯಮ ಏನಿತ್ತು ಅಂತ ಕಾಯ್ದೆ ತೆಗೆದು ನೋಡುವವರೆಗೆ ಅದು ಊಹೆಯೇ. ನೋಡಲು ಪುರುಸೊತ್ತಿಲ್ಲದಿದ್ದರೆ ‘ಅವಧಿಯ ಉದ್ದವೂ ಒಂದು ಕಾರಣವಿರಬಹುದು, ಪರೀಕ್ಷಿಸಬೇಕಿದೆ’ ಅಂತ ಒಂದೇ ಸಾಲು ಸಾಕು. ಅದರ ಮೇಲೆ ಮುಂದಿನ ಪ್ಯಾರಾ ಕಟ್ಟಬೇಡಿ.

ಕೊನೆಯ ಕೆಲಸ, ‘ಏನು ಸಿಕ್ಕರೆ ನನ್ನ ನಿಲುವು ಬದಲಾಗುತ್ತದೆ’ ಅಂತ ಬರೆಯುವುದು. ನಮ್ಮ ಪ್ರಬಂಧದಲ್ಲಿ ಅದು ಹೀಗಿರಬಹುದು: ‘ದಕ್ಷಿಣದ ಯಾವುದಾದರೂ ಜಿಲ್ಲೆಯಲ್ಲಿ ಹೆಂಗಸರ ಬೇಡಿಕೆಯನ್ನು ಬೇರೆಯಾಗಿ ಲೆಕ್ಕ ಹಾಕಿ, ಮೊದಲ ಸಲದ ಅಧ್ಯಕ್ಷೆಯರಿದ್ದ ಪಂಚಾಯಿತಿಗಳನ್ನು ಅದರ ಜೊತೆ ಹೋಲಿಸಿದಾಗಲೂ ಖರ್ಚಿನ ದಿಕ್ಕು ಬದಲಾಗಿಲ್ಲವೆಂದು ಇಕ್ಕಟ್ಟಾದ ಅಂದಾಜಿನಿಂದ ಗೊತ್ತಾದರೆ, ಈ ವಾದದ ಮೊದಲ ಭಾಗ ನಿಲ್ಲುವುದಿಲ್ಲ.’ ಈ ವಾಕ್ಯ ಬರೆಯಲು ಆಗುತ್ತಿಲ್ಲ ಅಂದರೆ ಮತ್ತೆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹೋಗಿ. ಯಾವುದೋ ಆಕರದ ಮುಂದೆ ‘ಏನನ್ನು ಅಳೆದರು’ ಅನ್ನುವ ಜಾಗ ಖಾಲಿ ಉಳಿದಿರುತ್ತದೆ.